ಬಾಕಿ ಇರುವುದು ಮೊದಲು

ರಾತ್ರಿಪಾಳಿಯ ನರ್ಸಿಗೆ ಹಗಲೇ ರಾತ್ರಿ. ಪರದೆ ಎಳೆದು ಮಲಗಿದಳೆಂದರೆ ಬೀದಿಯ ಸದ್ದೆಲ್ಲ ನೀರಿನಡಿಯಿಂದ ಬಂದಂತೆ ಕೇಳುತ್ತಿತ್ತು. ಅಂದು ನಿದ್ದೆಗೆ ಜಾರುವ ಮುಂಚೆ, ಮಕ್ಕಳ ಆಸ್ಪತ್ರೆಯಿಂದ ಬಂದ ಆಫರ್ ಲೆಟರನ್ನು ಮೊಬೈಲಿನಲ್ಲಿ ಮತ್ತೆ ಓದಿದಳು. ಹಗಲು ಪಾಳಿ ಮಾತ್ರ. ಒಂದನೇ ತಾರೀಖಿಗೆ ಸೇರಬೇಕು. ಒಪ್ಪಿಗೆಯನ್ನು ಇವತ್ತು ಸಂಜೆ ಐದರೊಳಗೆ ತಿಳಿಸಬೇಕು.

ಹಗಲು ಪಾಳಿ! ಅವಳ ಮಗಳು ಮಾತು ಕಲಿಯುವ ಮುಂಚಿನಿಂದಲೂ ಅಜ್ಜಿಯ ಹೆಬ್ಬೆರಳು ಹಿಡಿದೇ ನಿದ್ದೆ ಹೋಗುವವಳು. ಆ ಬೆರಳಿನ ಮೇಲೆ ತಾಯಿಗೆ ಹೊಟ್ಟೆಕಿಚ್ಚಿತ್ತು, ಸುಳ್ಳೇಕೆ?

ಅಡ್ಡಿ ಒಂದೇ. ನರ್ಸಿಂಗ್ ನೋಂದಣಿಯ ನವೀಕರಣಕ್ಕೆ ಅರ್ಜಿ ಹಾಕಿದ್ದಳು, ಪ್ರಮಾಣಪತ್ರ ಇನ್ನೂ ಬಂದಿರಲಿಲ್ಲ. "ಅದರ ಬಗ್ಗೆ ಬಾಯಿ ಬಿಡಬೇಡ ಕಣೇ. ಸೇರಿದ ಮೇಲೆ ನೋಡ್ಕೊಂಡ್ರಾಯ್ತು" ಎಂದು ಅಕ್ಕ ಫೋನಿನಲ್ಲಿ ಕಿವಿ ಊದಿದ್ದಳು. ಅಕ್ಕನ ಮಾತಿನಂತೆಯೇ ಒಪ್ಪಿಗೆಯನ್ನು ಸೊಗಸಾಗಿ ಬರೆದಳು. ಅಕ್ಷರಗಳು ಹತ್ತಿಯಂತೆ ಹಗುರಾಗಿ ಕಿಟಕಿ ದಾಟಿ ಹೋದವು. ಅಬ್ಬ, ಮುಗಿಯಿತು.

"ಏಳಮ್ಮ, ಐದಕ್ಕೆ ಹತ್ತು ನಿಮಿಷ ಇದೆ" ಎಂದು ಅತ್ತೆ ಅಲುಗಾಡಿಸಿದರು. "ಒಪ್ಪಿಗೆ ಕಳಿಸಿದ್ಯಾ?"

"ಆಗ್ಲೇ ಕಳಿಸಾಯ್ತು, ಅತ್ತೆ."

ಮೊಬೈಲಿನಲ್ಲಿ ಇದ್ದದ್ದು 'ನಮಸ್ಕಾರ ಮೇಡಂ' ಅಷ್ಟೇ. ಮಿಕ್ಕಿದ್ದೆಲ್ಲ ಕನಸಿನಲ್ಲಿ ಬರೆದದ್ದು!

ಕಣ್ಣಿನ್ನೂ ಮಂಜು. ಪಾಳಿ ಬದಲಾಗುವಾಗ ವಾರ್ಡಿನಲ್ಲಿ ಒಂದು ರೂಢಿಯಿದೆ: ಆಗಿದ್ದನ್ನು ಆಮೇಲೆ ಹೇಳು, ಬಾಕಿ ಇರುವುದನ್ನು ಮೊದಲು ಹೇಳು. ಯಾವ ಮಗುವಿನ ರಕ್ತದ ವರದಿ ಬಂದಿಲ್ಲ, ಯಾರ ಡ್ರಿಪ್ ಮುಗಿದಿಲ್ಲ. ನಿದ್ದೆಗಣ್ಣಿನಲ್ಲಿ ಬೆರಳುಗಳು ಆ ರೂಢಿಯನ್ನೇ ಹಿಡಿದವು:

'ನಮಸ್ಕಾರ ಮೇಡಂ. ಎರಡು ಬಾಕಿ ಇವೆ. ನೋಂದಣಿ ನವೀಕರಣದ ಪ್ರಮಾಣಪತ್ರ ಬಂದಿಲ್ಲ, ಅರ್ಜಿಯ ರಸೀದಿ ಲಗತ್ತಿಸಿದ್ದೇನೆ. ಈಗಿನ ಆಸ್ಪತ್ರೆಯ ಬಿಡುಗಡೆ ಪತ್ರ ಕೊನೆಯ ದಿನ ಸಿಗುತ್ತದೆ. ಆಫರ್ ಒಪ್ಪಿದ್ದೇನೆ. ಒಂದನೇ ತಾರೀಖಿಗೆ ಸೇರುತ್ತೇನೆ.'

ಕಳಿಸಿದ ಮೇಲೆ ಪೂರ್ತಿ ಎಚ್ಚರವಾಯಿತು. ಅಯ್ಯೋ, ಕೈಯಾರೆ ಕೆಡಿಸಿಕೊಂಡೆನಲ್ಲ! ಅತ್ತೆ ತಂದಿಟ್ಟ ಚಹಾ ಕೆನೆಗಟ್ಟಿತು. ಪರದೆಯ ಸಂದಿನ ಬೆಳಕು ಗೋಡೆಯ ಮೇಲೆ ನಿಧಾನ ತೇಲುತ್ತಿತ್ತು. ಶಾಲೆಯಿಂದ ಬಂದ ಮಗಳು ಚೀಲ ಎಸೆದು ಮಂಚ ಹತ್ತಿ ಕೂತಳು.

ಮೊಬೈಲು ಗುಂಯ್‌ಗುಟ್ಟಿತು. ಮಕ್ಕಳ ಆಸ್ಪತ್ರೆಯ ನರ್ಸಿಂಗ್ ಮೇಲ್ವಿಚಾರಕಿ: 'ಒಪ್ಪಿಗೆ ತಲುಪಿತು. ಪ್ರಮಾಣಪತ್ರ ಬರುವ ತನಕ ವಾರ್ಡ್ ಕೊಡಲು ಬರುವುದಿಲ್ಲ, ತರಬೇತಿಯಲ್ಲಿ ಕೂರಿ. ಬಿಡುಗಡೆ ಪತ್ರ ಸೇರುವ ದಿನ ತನ್ನಿ. ಬಾಕಿ ಮೊದಲು ಹೇಳುವವರು ನಮಗೆ ಬೇಕು.'

ಅವಳು ಎರಡು ಸಲ ಓದಿದಳು. ಕನಸಲ್ಲ.

"ಪುಟ್ಟಿ, ಒಂದನೇ ತಾರೀಖಿಂದ ರಾತ್ರಿ ನಾನೇ ನಿನ್ನ ಪಕ್ಕ ಮಲಗ್ತೀನಿ."

"ದಿನಾನೂ?"

"ದಿನಾನೂ."

ಮಗಳು ಅಮ್ಮನ ಹೆಬ್ಬೆರಳನ್ನು ಎಳೆದುಕೊಂಡು, ಮುಷ್ಟಿಯಲ್ಲಿ ಹಿಡಿದು ಅಳತೆ ನೋಡಿದಳು. "ಅಜ್ಜಿದಕ್ಕಿಂತ ಸಣ್ಣ. ಪರವಾಗಿಲ್ಲ" ಎಂದಳು.

"ಸದ್ಯ, ನನ್ನ ಬೆರಳಿಗೂ ರಜೆ ಸಿಕ್ತು" ಎಂದು ಅತ್ತೆ ನಕ್ಕರು. ತಣ್ಣಗಾದ ಚಹಾ ಎತ್ತಿಕೊಂಡು ಹೋಗುವಾಗ ರಜೆ ಸಿಕ್ಕ ಹೆಬ್ಬೆರಳನ್ನು ತಮ್ಮದೇ ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಿದ್ದರು.