ಅಕ್ಕ ಬೆಲ್ಟಿಗೆ ಹಾಕಿದ ಹೊಲಿಗೆ

ಊರ ಹೆಂಗಸರ ಸೊಂಟಕ್ಕೆಲ್ಲ ಟೇಪು ಸುತ್ತುವ ನಮ್ಮಕ್ಕ ತನ್ನ ಸೊಂಟದ ಹತ್ತಿರ ಮಾತ್ರ ಯಾರನ್ನೂ ಸುಳಿಯಗೊಡುವುದಿಲ್ಲ. ನಮ್ಮ ಟೈಲರ್ ಅಂಗಡಿಯಲ್ಲಿ ಕತ್ತರಿ ಅವಳದು, ಮೆಷಿನ್ನು ನನ್ನದು. ಬೈಯುವುದು ಅವಳು, ಬೈಸಿಕೊಳ್ಳುವುದು ನಾನು. ಹೀಗೇ ನಡೆದುಕೊಂಡು ಬಂದಿದೆ.

ಅವಳಿಗೆ ಹೊಟ್ಟೆಯ ಹರ್ನಿಯಾ ಆಪರೇಷನ್ ಆಯಿತು. ಜೋತುಬಿದ್ದ ಚರ್ಮವನ್ನೂ ತೆಗೆದರು. ಒಳಗಿನ ನೀರು ಇಳಿಯಲೆಂದು ಪಕ್ಕೆಗೆ ನಳಿಕೆ ಹಾಕಿದ್ದರು. ಅದನ್ನು ತೆಗೆದ ದಿನ ಡಾಕ್ಟರಮ್ಮ, "ಬೆಲ್ಟು ಮೈಗೆ ಸರಿಯಾಗಿ ಕೂತಿರ್ಬೇಕು. ಮತ್ತೆ ನೀರು ತುಂಬ್ಕೊಂಡ್ರೆ ಸೂಜಿ ಹಾಕಿ ತೆಗೀಬೇಕಾಗುತ್ತೆ" ಅಂದರು. ಯಾರಿಗೂ ಹೆದರದ ಅಕ್ಕ ಆ ಮಾತಿಗೆ ನನ್ನ ಕೈ ಹಿಡಿದುಕೊಂಡಳು.

ಬೆಲ್ಟು ಎಂದರೆ ಎದೆಯ ಕೆಳಗಿನಿಂದ ತೊಡೆಯ ಮೇಲಿನವರೆಗೆ ಒತ್ತಿ ಹಿಡಿಯುವ ಉಡುಪು. ಆಸ್ಪತ್ರೆಯ ಕೆಳಗಿನ ಅಂಗಡಿಯ ಮೇಡಂ ಆಪರೇಷನ್‌ಗೆ ಮೊದಲೇ ಅಳತೆ ತೆಗೆದು ಒಂದು ಸೈಜು ದೊಡ್ಡದನ್ನೇ ಕೊಟ್ಟಿದ್ದರು.

"ಊತಕ್ಕೆ ಜಾಗ ಬೇಕಮ್ಮಾ. ಮೊದಲು ಹೊರಗಿನ ಸಾಲಿನ ಹುಕ್ಕು ಹಾಕಿ. ಊತ ಇಳಿದ ಹಾಗೆ ಒಳಗಿನ ಸಾಲಿಗೆ ಬನ್ನಿ. ಕೊನೇ ಸಾಲಲ್ಲೂ ಬಟ್ಟೆ ಬೆರಳಲ್ಲಿ ಹಿಡಿದು ಮಡಚೋಷ್ಟು ಸಡಿಲ ಇದ್ರೆ ಡಾಕ್ಟರಿಗೆ ತೋರಿಸ್ಕೊಂಡು ನನ್ನ ಹತ್ರ ಬನ್ನಿ, ಸಣ್ಣದು ಕೊಡ್ತೀನಿ."

ಕೆಲವು ವಾರಗಳಲ್ಲಿ ಹಾಗೇ ಆಯಿತು. ಕೊನೆಯ ಸಾಲಿನ ಹುಕ್ಕು ಹಾಕಿದರೂ ಬೆಲ್ಟು ಸುಕ್ಕಾಗಿ ಮೇಲೇರುತ್ತಿತ್ತು. "ಹೋಗೋಣ ನಡಿ ಅಕ್ಕಾ" ಎಂದೆ.

"ಎಲ್ಲಿಗೆ? ಬಟ್ಟೆ ಸಣ್ಣ ಮಾಡಿಸೋಕೆ ನಾನು ಇನ್ನೊಬ್ಬರ ಅಂಗಡಿ ಮೆಟ್ಟಿಲು ಹತ್ಬೇಕಾ? ಕಂಡೋರು ನಗಲ್ವಾ?"

ಮರುದಿನ ಹಾಸಿಗೆಯಿಂದ ಎದ್ದ ಕೂಡಲೇ ತಾನೇ ತನ್ನ ಅಳತೆ ತೆಗೆದುಕೊಂಡಳು. ಬೆಲ್ಟಿನ ಎರಡೂ ಪಕ್ಕ ಒಳಗೆ ಹಿಡಿದು ನೇರ ಹೊಲಿಗೆ ಹಾಕಿದಳು. ನನ್ನ ಮೆಷಿನ್ ಮೇಲೆ! ಬೆಳಗ್ಗೆ ಊತ ಇಳಿದಿರುತ್ತದೆ, ಓಡಾಡಿದ ಮೇಲೆ ಸಂಜೆಗೆ ಏರುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ನಮ್ಮ ಗಿರಾಕಿಗಳಿಗೆ ಬೆಳಗ್ಗೆ ಒಂದು ಸೊಂಟ, ಸಂಜೆಗೆ ಒಂದು ಸೊಂಟ ಇರುವುದಿಲ್ಲವಲ್ಲ.

ಸಂಜೆ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತಳು. ಸುಮ್ಮನೆ ನೋಡಿಕೊಂಡಿರುತ್ತೇನೆ ಎಂದಿದ್ದಳು. ಅವಳು ಸುಮ್ಮನಿರುವುದುಂಟೇ? ಹೊಸ ಡ್ರೆಸ್ಸು ತೊಟ್ಟು ನೋಡುತ್ತಿದ್ದ ಟೀಚರಮ್ಮ, "ಇನ್ನೂ ಸ್ವಲ್ಪ ಟೈಟ್ ಮಾಡಿ" ಎಂದದ್ದೇ ತಡ, ಪಾಠ ಶುರುವಾಯಿತು.

"ಟೀಚರೇ, ಬಿಗಿ ಹೊಲಿಸ್ಕೊಂಡು ಯಾಕೆ ಒದ್ದಾಡ್ತೀರಿ? ಮೈ ಹೇಳಿದ ಹಾಗೆ ಬಟ್ಟೆ ಕೇಳ್ಬೇಕು, ಬಟ್ಟೆ ಹೇಳಿದ ಹಾಗೆ ಮೈ ಅಲ್ಲ!" ಎನ್ನುತ್ತ ತೋರಿಸಲು ಎದ್ದು ನಿಂತಳು.

ಪಟ ಪಟ ಪಟ ಪಟಾರ್!

ಟೀಚರಮ್ಮ ಎರಡೂ ಕೈಯಿಂದ ತಮ್ಮ ಪಕ್ಕೆ ಮುಚ್ಚಿಕೊಂಡು, "ಅಯ್ಯೋ, ನಂದು ಹೋಯ್ತು!" ಎಂದು ಪರದೆಯ ಹಿಂದೆ ಓಡಿದರು. ಹೋದದ್ದು ಅವರದಲ್ಲ, ಬೆಲ್ಟಿನ ಹೊಲಿಗೆ. ಅಕ್ಕ ಮಾತ್ರ ಬೆವರುತ್ತ, ಮೇಜು ಹಿಡಿದು ನಿಂತಿದ್ದಳು. "ತೊಡೆ ಜೋಮು ಹಿಡಿದಿದೆ ಕಣೇ. ಮಧ್ಯಾಹ್ನದಿಂದ ಉಸಿರೂ ಸರಿಯಾಗಿ ಎಳ್ಕೊಳ್ಳೋಕೆ ಆಗ್ತಿಲ್ಲ."

ನಗಲು ಹೊರಟಿದ್ದವಳು ಓಡಿಹೋಗಿ ಅವಳ ತೋಳು ಹಿಡಿದೆ. ಒಳಗೆ ಕರೆದೊಯ್ದು ಹುಕ್ಕು ಬಿಚ್ಚಿದರೆ ಹೊಲಿಗೆ ಒತ್ತಿದಲ್ಲೆಲ್ಲ ಆಳವಾದ ಕೆಂಪು ಬರೆ, ಅದೂ ಗಾಯದ ಗೆರೆಯ ತುದಿಗೇ. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ ಅಕ್ಕ, "ಸೂಜಿ ಹಾಕ್ತಾರೇನೇ?" ಎಂದು ಕೇಳುತ್ತಲೇ ಇದ್ದಳು.

ಡಾಕ್ಟರಮ್ಮ ಹೊಟ್ಟೆಯನ್ನು ಎಲ್ಲ ಕಡೆ ಒತ್ತಿ ನೋಡಿದರು.

"ನೀರು ತುಂಬಿಲ್ಲ. ಗಾಯಕ್ಕೂ ಏನೂ ಆಗಿಲ್ಲ, ಬರೆ ಇಳಿಯುತ್ತೆ. ಸಣ್ಣ ಸೈಜಿಗೆ ಹೋಗೋ ಹೊತ್ತು ಬಂದಿದೆ, ಅದು ಸರಿ. ಆದ್ರೆ ನೀವು ಮಾಡ್ಕೊಂಡಿದ್ದು ಅದಕ್ಕಿಂತಲೂ ಸಣ್ಣದು."

ಕೆಳಗಿನ ಅಂಗಡಿಯಲ್ಲಿ ಮೇಡಂ ಅಕ್ಕನನ್ನು ನಿಲ್ಲಿಸಿಕೊಂಡು ಆ ಸಂಜೆಯ ಊತದ ಮೇಲೆಯೇ ಅಳತೆ ತೆಗೆದರು. ಒಂದು ಸೈಜು ಸಣ್ಣದು ತಂದು ಮತ್ತೆ ಹೊರಗಿನ ಸಾಲಿನ ಹುಕ್ಕು ಹಾಕಿದರು. ಕೂರಿಸಿದರು, ಎಬ್ಬಿಸಿದರು, ಉದ್ದಕ್ಕೆ ಉಸಿರೆಳೆಸಿದರು. ಅಂಚು ಎಲ್ಲೂ ಸುರುಳಿಯಾಗಲಿಲ್ಲ, ಬಟ್ಟೆ ಎಲ್ಲೂ ಮಡಿಕೆಯಾಗಲಿಲ್ಲ.

"ಇದರದ್ದೂ ಕೊನೇ ಸಾಲು ಸಡಿಲ ಆದ್ರೆ?" ಎಂದು ಅಕ್ಕ ಮೆಲ್ಲಗೆ ಕೇಳಿದಳು.

"ಮೇಲೆ ಡಾಕ್ಟರಿಗೆ ತೋರಿಸ್ಕೊಂಡು ಇಲ್ಲಿಗೇ ಬನ್ನಿ ಅಮ್ಮಾ. ಸೂಜಿ ದಾರದ ಹತ್ರ ಹೋಗ್ಬೇಡಿ."

ಅಷ್ಟರಲ್ಲಿ ನನ್ನ ಸಿಟ್ಟೂ ಹೆದರಿಕೆಯೂ ಒಟ್ಟಿಗೆ ಉಕ್ಕಿ ಬಂದವು. ಅಂಗಡಿ ತುಂಬ ಜನ ಇದ್ದರು. ಇದ್ದರೆ ಇರಲಿ ಎಂದುಕೊಂಡು ಕೂಗಿಯೇ ಬಿಟ್ಟೆ. "ಬಟ್ಟೆ ಕೆಟ್ರೆ ಇನ್ನೊಂದು ಹೊಲೀತೀನಿ. ನೀನು ಕೆಟ್ರೆ ನಿನ್ನ ಎಲ್ಲಿಂದ ತರ್ಲಿ?"

ಎಲ್ಲರೂ ತಿರುಗಿ ನೋಡಿದರು. ಜೀವಮಾನದಲ್ಲಿ ಮೊದಲ ಸಲ ನಾನು ಬೈದಿದ್ದೆ, ಅವಳು ಬೈಸಿಕೊಂಡಿದ್ದಳು. ಅಕ್ಕನ ಕಣ್ಣು ತುಂಬಿ ಬಂತು. ಸೆರಗಲ್ಲಿ ಒರೆಸಿಕೊಂಡು, ನನ್ನ ಭುಜ ಹಿಡಿದುಕೊಂಡಳು.

"ನೀನು ಹೊಲಿದ್ರೆ ಅದೂ ಕೆಡುತ್ತೆ ಕಣೇ" ಅಂದಳು. "ನಡಿ, ಮನೆಗೆ ಹೋಗೋಣ."