ಬಾಗಿಲಾಚೆ ಬಿಟ್ಟ ಕಾಲು

ತೂಕದ ಯಂತ್ರದ ಮೇಲೆ ನನಗಂತೂ ನಂಬಿಕೆ ಹೋಗಿದೆ. ಹೋದ ತಿಂಗಳು ನಮ್ಮವರ ತೂಕ ಐವತ್ತೊಂಬತ್ತು ಕೆಜಿ. ದುರ್ಗದ ಆಸ್ಪತ್ರೆಯ ಗೋಡೆಯ ಪಟ್ಟಿಯಲ್ಲಿ ಅವರ ಎತ್ತರಕ್ಕೆ ಅರವತ್ತೊಂದು ಇರಬೇಕು ಎಂದಿತ್ತು. ಎರಡು ಕೆಜಿ ಕಡಿಮೆ ಎಂದು ನಾನು ಸಂಕಟಪಡುತ್ತಿದ್ದರೆ, ಆಹಾರದ ಸಲಹೆ ಕೊಡುವ ದಿವ್ಯಾ ಮೇಡಂ ಎರಡು ಕೆಜಿ ಹೆಚ್ಚು ಎಂದರು.

“ಪಟ್ಟಿ ಎರಡು ಕಾಲು ಇದ್ದೋರಿಗೆ ರೆಹಾನಮ್ಮ. ಮೊಣಕಾಲಿನ ಕೆಳಗಿನ ಭಾಗ ಮೈತೂಕದಲ್ಲಿ ನೂರಕ್ಕೆ ಆರರಷ್ಟು. ಅರವತ್ತೊಂದರಲ್ಲಿ ಅದನ್ನ ಕಳೆದ್ರೆ ಐವತ್ತೇಳು. ಅಷ್ಟಿದ್ರೆ ಸಾಕು.”

ಸಕ್ಕರೆ ಕಾಯಿಲೆ ಕಾಲು ತಿಂದಿದ್ದು ಸಾಲದೆ, ಊಟದಲ್ಲೂ ಅದರ ಪಾಲು ಕಳೆಯಬೇಕೆ? ಏನೂ ಅರ್ಥವಾಗದಿದ್ದರೂ ನಮ್ಮೂರು ಹೊಸದುರ್ಗಕ್ಕೆ ಮರಳಿ ಅವರು ಹೇಳಿದಂತೆಯೇ ರೊಟ್ಟಿ, ಅನ್ನ, ಎಣ್ಣೆ ಎಲ್ಲವನ್ನೂ ಕಡಿಮೆ ಮಾಡಿದೆ.

ಈ ತಿಂಗಳು ಕೃತಕ ಕಾಲು ಸಡಿಲವಾಗಿ, ಉಜ್ಜಿ, ಮೊಂಡಗಾಲಿನ ಚರ್ಮ ಕಿತ್ತಿತ್ತು. ನಮ್ಮ ಹಾಸಿಗೆ ಅಂಗಡಿಯಲ್ಲಿ ಅವರಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಮತ್ತೆ ದುರ್ಗದ ಆಸ್ಪತ್ರೆಗೆ ಬಂದೆವು. ಚೀಟಿ ಮಾಡಿಸಿ ನಾನು ಮೇಡಂ ಕೋಣೆಯೊಳಗೆ ಬರುವಷ್ಟರಲ್ಲಿ ಅವರು ಊರುಗೋಲು ಬದಿಗಿಟ್ಟು, ಒಂಟಿ ಕಾಲಲ್ಲಿ ಯಂತ್ರದ ಮೇಲೆ ನಿಂತಿದ್ದರು. ನೋವಿಗೆ ಕಾಲು ಬಿಚ್ಚಿದ್ದಾರೆ ಅಂದುಕೊಂಡೆ. ಯಂತ್ರ ಐವತ್ತೈದೂವರೆ ತೋರಿಸಿತು.

ನನಗೆ ಮೈಯೆಲ್ಲ ಉರಿಯಿತು. “ಮೂರೂವರೆ ಕೆಜಿ ಇಳಿದಾರೆ. ಉಪವಾಸ ಕೆಡವಿ ಸಾಯಿಸ್ತೀರೇನ್ರಿ?”

ಮೇಡಂ ಕೂಡ ತಬ್ಬಿಬ್ಬಾದರು. “ನಾನು ಕಡಿಮೆ ಮಾಡಿಸಿದ್ದಕ್ಕೆ ಇಷ್ಟು ಇಳಿಯಂಗಿಲ್ಲ.” ಎರಡು ಸಲ ಲೆಕ್ಕ ಹಾಕಿದರು, ಬೇರೆ ಯಂತ್ರ ತರಿಸಿದರು. ಅದೂ ಐವತ್ತೈದೂವರೆ ಎಂದಿತು. “ಇರ್ಲಿ, ಕಾಲು ಎಷ್ಟು ಸಡಿಲ ಆಗೈತೆ ನೋಡಾಣ. ಎಲ್ಲೈತೆ?”

“ಹೊರಗೆ, ಚಪ್ಪಲಿ ಜೊತೆ,” ಎಂದರು ನಮ್ಮವರು. “ಚಪ್ಪಲಿ ಹೊರಗೆ ಬಿಡಿ ಅಂತ ಬೋರ್ಡು ಹಾಕೀರಲ್ರಿ. ಅದರ ಬೂಟು ಬಿಚ್ಚೋದು ಕಷ್ಟ. ಕಾಲನ್ನೇ ಬಿಟ್ಟು ಬಂದೆ.”

“ಹೋದ ಸಲ?”

“ಆಗ ಬೋರ್ಡು ಇರ್ಲಿಲ್ಲ. ಕಾಲು ಹಾಕ್ಕಂಡೇ ನಿಂತಿದ್ದೆ.”

ಮೇಡಂ ತಾವೇ ಹೋಗಿ ಚಪ್ಪಲಿಗಳ ಸಾಲಿನಿಂದ ಕಾಲನ್ನು ತಂದು ತೂಗಿದರು. ಬೂಟು ಸೇರಿ ಎರಡು ಕೆಜಿ. ಅಂದರೆ ಹೋದ ತಿಂಗಳು ನಮ್ಮವರ ಮೈತೂಕ ಐವತ್ತೇಳೇ. ಇಳಿಸಬೇಕಾದದ್ದು ಏನೂ ಇರಲಿಲ್ಲ. ನನ್ನ ಗಂಡನನ್ನು ನಾನು ತಿಂಗಳಿಡೀ ಸುಮ್ಮನೆ ಅರೆಹೊಟ್ಟೆಯಲ್ಲಿ ಕೆಡವಿದ್ದೆ.

“ತಪ್ಪು ನಂದು. ಬಿಚ್ಚಿಸಿ ತೂಗಬೇಕಿತ್ತು,” ಎಂದರು ಮೇಡಂ. “ಈಗ ಐವತ್ತೇಳು ಕೆಜಿ ಲೆಕ್ಕ ಹಿಡಿದು, ಕೆಜಿಗೆ ಮೂವತ್ತರಂತೆ ದಿನಕ್ಕೆ ಸಾವಿರದ ಏಳುನೂರು ಕ್ಯಾಲರಿ. ಗಾಯ ಮಾಯಬೇಕಲ್ಲ, ಬೇಳೆ, ಮೊಟ್ಟೆ ಜಾಸ್ತಿ ಕೊಡ್ರಿ. ಮಾಯೋವರೆಗೂ ಆ ಕಾಲು ಹಾಕಂಗಿಲ್ಲ.”

ಹೊರಗೆ ಬೆಂಚಿನ ಮೇಲೆ ಕೂತು ಕೇಳಿದೆ. “ಹಸಿವಾಗ್ತೈತೆ ಅಂತ ಒಂದು ಮಾತು ಹೇಳಬಾರದಿತ್ತಾ?”

ಅವರು ಕಾಲನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೂಟಿನ ಧೂಳು ಒರೆಸುತ್ತಿದ್ದರು.

“ಹೆಂಗೆ ಹೇಳಲಿ? ನನಗೆ ಕಡಿಮೆ ಮಾಡಿದಾಗಿಂದ ನೀನೂ ಅಷ್ಟೇ ಉಣ್ತಿದ್ದೆ.”