ಹೊಸ ಸಾಧನೆ

ಮುಂಬಯಿಯ ಜವಳಿ ವಿನ್ಯಾಸದ ಕೋರ್ಸಿಗೆ ನನ್ನ ಹೆಸರು ಕಾಯುವ ಪಟ್ಟಿಯಲ್ಲಿದೆ ಎಂಬ ಪತ್ರ ಇಳಕಲ್ಲಿಗೆ ಬಂದ ದಿನ ನಾನು ಕುಣಿದಾಡಿದೆ. ಸೀಟು ಸಿಕ್ಕಿರಲಿಲ್ಲ, ನಿಜ. ಆದರೆ ಇಲ್ಲ ಅಂದಿರಲಿಲ್ಲವಲ್ಲ! ಚಿತ್ರಕಲೆಯ ಬೀರಲಿಂಗಪ್ಪ ಮಾಸ್ತರರು ಆ ಸಂಸ್ಥೆಗೆ ನನ್ನ ಪರವಾಗಿ ಇನ್ನೊಂದು ಪತ್ರ ಟೈಪ್ ಮಾಡಲು ಕೂತರು. ಮಗ್ಗ ಬಿಟ್ಟು ಬಂದಿದ್ದ ಅಬ್ಬಾ ಪಕ್ಕದಲ್ಲೇ ನಿಂತಿದ್ದ.

“ಅರ್ಜಿ ಹಾಕಿದ ಮ್ಯಾಲೆ ಹೊಸದಾಗಿ ಏನು ಸಾಧಿಸಿದಿ, ಅಷ್ಟ ಹೇಳು ಲಾಲಬಿ. ಹಳೇದೆಲ್ಲಾ ಅವರ ಹತ್ರ ಐತಿ,” ಅಂದರು ಮಾಸ್ತರರು.

“ನನ್ನ ಸೆರಗಿನ ನಕ್ಷಿಗೆ ರಾಜ್ಯಮಟ್ಟದಾಗ ಮೊದಲನೇ ಬಹುಮಾನ ಬಂತ್ರಿ. ಅದಕ್ಕಿಂತ ದೊಡ್ಡದು ಇನ್ನೊಂದೈತ್ರಿ, ನನ್ನ ಮುಂಬಯಿಗೆ ಕಳಸಾಕ ಅಬ್ಬಾ ಒಪ್ಪ್ಯಾನ್ರಿ!”

ಮಾಸ್ತರರು ನಕ್ಕು ನಕ್ಕು ಕನ್ನಡಕ ತೆಗೆದರು. “ಅದು ಸಾಧನಿ ಹೆಂಗ ಆಕ್ಕೈತಿ?”

“ನೀವ ಒಮ್ಮಿ ಒಪ್ಪಿಸಿ ನೋಡ್ರಿ, ತಿಳೀತೈತಿ!”

ಬಹುಮಾನದ ಪ್ರಮಾಣಪತ್ರದ ನಕಲು ಲಗತ್ತಿಸಿದೆ, ಸೀಟು ಕೊಟ್ಟರೆ ಖಂಡಿತ ಸೇರುತ್ತೇನೆ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ನಮಗೆ ಕನ್ನಡದಲ್ಲಿ ಹೇಳಿದರು. ನಾನು ಸಹಿ ಹಾಕಿದ್ದೇ ತಡ, ಅಬ್ಬಾ ಪೆನ್ನು ಕಸಿದುಕೊಂಡ.

“ಕೆಳಗ ನಂದೂ ಒಂದು ಸಹಿ ಇರ್ಲಿ ಸರ್. ಈಕಿ ಟ್ರಂಕ್ ಎತ್ತಿದ ದಿನ ನಾ ಅಳಕೋತ ಬ್ಯಾಡ ಅಂದ್ರ, ಇದರ ಕಾರ್ಬನ್ ಕಾಪಿ ನನಗ ತೋರಸ್ರಿ.”